ಕುಡಿಯುವವರ ಹೊಟ್ಟೆನೋವು ತಿಂಗಳುಗಟ್ಟಲೆ ಉಳಿದರೆ: ಕಾರಣ ಪತ್ತೆ ಮಾಡುವ ಕ್ರಮ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಹೆಚ್ಚುಕಡಿಮೆ ಹೀಗಿರುತ್ತದೆ: "ವಾರದಲ್ಲಿ ನಾಲ್ಕೈದು ದಿನ ಕುಡಿಯುತ್ತೇನೆ. ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ನೋವು. ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರೆ ಎರಡು ದಿನ ಸುಮ್ಮನಿರುತ್ತದೆ, ಆಮೇಲೆ ಮತ್ತೆ ಶುರುವಾಗುತ್ತದೆ. ಇದು ಕುಡಿತದಿಂದಲೇ ಬಂದದ್ದೋ, ಬೇರೇನಾದರೂ ಇದೆಯೋ?" ಬಿಯರ್ ಮಾತ್ರ ಕುಡಿಯುವವರೂ ಇದನ್ನೇ ಕೇಳುತ್ತಾರೆ, ಕುಡಿತ ಬಿಟ್ಟು ತಿಂಗಳಾದರೂ ನೋವು ಹೋಗದವರೂ ಇದನ್ನೇ ಕೇಳುತ್ತಾರೆ. ಈ ಲೇಖನ ಆ ಪ್ರಶ್ನೆಯೊಂದಕ್ಕೇ ಮೀಸಲು.

ಚಿಕ್ಕದಾಗಿ ಹೇಳುವುದಾದರೆ, ಮದ್ಯದಿಂದ ಮಾತ್ರವೇ ಆದ ಗಾಯ ಜಠರದಲ್ಲಿ ಬಹುಕಾಲ ಉಳಿಯುವುದಿಲ್ಲ. ಕುಡಿತ ನಿಂತರೆ ಅದು ಕೆಲವೇ ದಿನಗಳಲ್ಲಿ ಮಾಯುತ್ತದೆ. ಆದ್ದರಿಂದ ನೋವು ತಿಂಗಳುಗಟ್ಟಲೆ ಉಳಿದಿದೆಯೆಂದರೆ, ಗಾಯ ಮಾಯುವ ಮೊದಲೇ ಅದರ ಮೇಲೆ ಮತ್ತೆ ಗಾಯವಾಗುತ್ತಿರಬೇಕು, ಇಲ್ಲವೇ ಮದ್ಯದ ಜೊತೆಗೆ ಎರಡನೆಯ ಕಾರಣವೊಂದು ಸೇರಿಕೊಂಡಿರಬೇಕು. ಹಲವರಲ್ಲಿ ಎರಡೂ ಒಟ್ಟಿಗೇ ನಡೆಯುತ್ತಿರುತ್ತವೆ. ಮುಂದೆ ಹೇಳುವ ಹಂತಗಳೆಲ್ಲ ಇವೆರಡನ್ನು ಒಂದರಿಂದೊಂದು ಬೇರ್ಪಡಿಸುವುದಕ್ಕಾಗಿ ಇವೆ.

ಒಳಗೆ ಏನಾಗುತ್ತದೆ

ಜಠರದ ರಸ ಲೋಹವನ್ನೂ ಸವೆಸಬಲ್ಲಷ್ಟು ಹುಳಿಯಾದದ್ದು. ಅದು ಜಠರವನ್ನೇ ಜೀರ್ಣಿಸಿಬಿಡದಂತೆ ಕಾಯುವುದು ಒಳಗೋಡೆಯ ಮೇಲಿನ ಒಂದು ತೆಳುವಾದ ಲೋಳೆಯ ಪದರ. ಗೋಡೆಯ ಕೋಶಗಳು ಈ ಲೋಳೆಯೊಳಗೆ ಕ್ಷಾರವನ್ನು ಸುರಿಸುತ್ತಲೇ ಇರುತ್ತವೆ. ಹೀಗಾಗಿ ಮೇಲ್ಗಡೆ ಕಟುವಾದ ಆಮ್ಲವಿದ್ದರೂ ಲೋಳೆಯ ಅಡಿಯಲ್ಲಿ, ಕೋಶಗಳಿಗೆ ತಾಗುವ ಕಡೆ, ದ್ರವವು ನೀರಿನಷ್ಟೇ ತಟಸ್ಥವಾಗಿರುತ್ತದೆ. ಇದರ ಕೆಳಗೆ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡ ಕೋಶಗಳ ಸಾಲು, ಅದರ ಕೆಳಗೆ ರಕ್ತನಾಳಗಳು. ಲೋಳೆ, ಕ್ಷಾರ, ರಕ್ತದ ಹರಿವು ಮೂರನ್ನೂ ಸರಿಯಾದ ಪ್ರಮಾಣದಲ್ಲಿ ಇಡುವುದು ಪ್ರೋಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮೂರನೆಯ ಹಂತದಲ್ಲಿ ಮತ್ತೆ ಬರುತ್ತದೆ.

ಸಾಂದ್ರವಾದ ಮದ್ಯ ಲೋಳೆಯನ್ನು ದಾಟಿ ಕೋಶಗಳ ಹೊರಪೊರೆಗೇ ಹಾನಿ ಮಾಡುತ್ತದೆ. ಕೋಶಗಳ ನಡುವಿನ ಬಿಗಿ ಸಡಿಲವಾಗಿ, ಮೇಲಿದ್ದ ಆಮ್ಲ ಒಳಕ್ಕೆ ಜಿನುಗುತ್ತದೆ. ಕೆಳಗಿನ ಸಣ್ಣ ರಕ್ತನಾಳಗಳಿಂದ ರಕ್ತ ಒಸರಿ, ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಯ ಮೂಲಕ ಕ್ಯಾಮೆರಾ ನಳಿಕೆ ಇಳಿಸಿ ನೋಡುವ ಪರೀಕ್ಷೆಯಲ್ಲಿ, ಕೆಂಪು ಚುಕ್ಕೆಗಳಂತೆ ಕಾಣುತ್ತದೆ. ಇದಕ್ಕೇ ಸಾಮಾನ್ಯವಾಗಿ ಗ್ಯಾಸ್ಟ್ರೈಟಿಸ್, ಅಂದರೆ ಜಠರದ ಉರಿಯೂತ, ಎಂದು ಹೇಳಿ ಕಳುಹಿಸುತ್ತಾರೆ.

ಇಲ್ಲಿ ಸಾಂದ್ರತೆ ಮುಖ್ಯ. ಶೇಕಡಾ 40 ಮದ್ಯಸಾರವಿರುವ ವಿಸ್ಕಿಯನ್ನು 60 ಮಿಲಿಲೀಟರ್ ತೆಗೆದುಕೊಂಡರೆ ಅದರಲ್ಲಿ 24 ಮಿಲಿಲೀಟರ್ ಮದ್ಯಸಾರವಿರುತ್ತದೆ. ಅಷ್ಟೇ ನೀರು ಬೆರೆಸಿದರೆ ಸಾಂದ್ರತೆ ಶೇಕಡಾ 20ಕ್ಕೆ ಇಳಿಯುತ್ತದೆ, 180 ಮಿಲಿಲೀಟರ್ ನೀರು ಬೆರೆಸಿದರೆ ಶೇಕಡಾ 10ಕ್ಕೆ. ನೀರು ಹೆಚ್ಚಿದಷ್ಟೂ ಗೋಡೆಗೆ ನೇರವಾಗಿ ತಾಗುವ ಪೆಟ್ಟು ಕಡಿಮೆಯಾಗುತ್ತದೆ ಎಂಬುದು ನಿಜ. ಖಾಲಿ ಹೊಟ್ಟೆಗೆ ಬೀಳುವ ಪೆಟ್ಟು ಊಟವಾದ ಹೊಟ್ಟೆಗಿಂತ ಜೋರು ಎಂಬುದೂ ಇದೇ ಕಾರಣಕ್ಕೆ. ಆದರೆ ಒಳಗೆ ಹೋದ ಮದ್ಯಸಾರ ಅದೇ 24 ಮಿಲಿಲೀಟರ್. ರಕ್ತಕ್ಕೆ ಸೇರಿದ ಮೇಲೆ ಅದು ಮಾಡುವ ಕೆಲಸ ನೀರಿನಿಂದ ಬದಲಾಗುವುದಿಲ್ಲ.

ಹಾಗಾದರೆ ಬಿಯರ್ ಮತ್ತು ವೈನ್ ಸಾಧುವೇ? ಅಲ್ಲ, ಅವು ತೊಂದರೆ ಕೊಡುವ ದಾರಿ ಬೇರೆ. ಹುದುಗಿಸಿ ಮಾಡಿದ ಈ ಪಾನೀಯಗಳು ಜಠರದ ಆಮ್ಲ ಸ್ರವಿಕೆಯನ್ನು ಜೋರಾಗಿ ಕೆರಳಿಸುತ್ತವೆ. ಅದಕ್ಕೆ ಮುಖ್ಯ ಕಾರಣ ಮದ್ಯಸಾರವಲ್ಲ, ಹುದುಗುವಾಗ ಹುಟ್ಟುವ ಇತರ ಪದಾರ್ಥಗಳು. ಬಟ್ಟಿ ಇಳಿಸಿದ ವಿಸ್ಕಿ, ಜಿನ್ ಮುಂತಾದವುಗಳಲ್ಲಿ ಈ ಗುಣ ಇಲ್ಲವೆನ್ನುವಷ್ಟು ಕಡಿಮೆ. ಒಂದು ಗೋಡೆಯನ್ನು ಸುಡುತ್ತದೆ, ಇನ್ನೊಂದು ಆಮ್ಲವನ್ನು ಉಕ್ಕಿಸುತ್ತದೆ. "ನಾನು ಬರೀ ಬಿಯರ್ ಕುಡಿಯುವುದು" ಎಂದು ನಿರಾಳವಾಗಿರುವವರಲ್ಲಿ ಎದೆಯುರಿಯ ದೂರು ಹೆಚ್ಚಾಗಿ ಕೇಳಿಬಂದರೆ ಅಚ್ಚರಿಯಿಲ್ಲ.

ಎದೆಯುರಿಗೆ ಇನ್ನೊಂದು ಕಾರಣವೂ ಇದೆ. ಅನ್ನನಾಳ ಜಠರವನ್ನು ಸೇರುವಲ್ಲಿ ಉಂಗುರದಂತಹ ಸ್ನಾಯುವೊಂದು ಕದದಂತೆ ಕೆಲಸ ಮಾಡುತ್ತದೆ. ಯಾವ ಬಗೆಯ ಮದ್ಯವಾದರೂ ಈ ಕದವನ್ನು ಸಡಿಲಗೊಳಿಸುತ್ತದೆ. ಮೇಲೆ ಬಂದ ಆಮ್ಲವನ್ನು ಮತ್ತೆ ಕೆಳಕ್ಕೆ ತಳ್ಳುವ ಅನ್ನನಾಳದ ಚಲನೆಯೂ ಕುಂದುತ್ತದೆ. ಕುಡಿದು ಮಲಗಿದವರು ನಿದ್ದೆಯಲ್ಲಿ ಎಚ್ಚರಗೊಳ್ಳುವುದು ಕಡಿಮೆ, ಉಗುಳು ನುಂಗುವುದೂ ಕಡಿಮೆ, ಹಾಗಾಗಿ ಆಮ್ಲ ಅನ್ನನಾಳದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅನ್ನನಾಳಕ್ಕೆ ಜಠರಕ್ಕಿರುವಂತಹ ಲೋಳೆಯ ಕವಚವಿಲ್ಲ.

ಹಾನಿ ಎಷ್ಟಿದೆ ಎಂಬುದನ್ನು ನೋವು ತೋರಿಸುತ್ತದೆ ಎಂದು ನಾವೆಲ್ಲ ನಂಬಿರುತ್ತೇವೆ. ಆ ನಂಬಿಕೆ ತಪ್ಪೆಂಬುದು ತೀರಾ ಹಳೆಯ ಕಾಲದಲ್ಲೇ ಕಣ್ಣಿಗೆ ಬಿದ್ದ ಸಂಗತಿ. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಬಂದೂಕಿನ ಗುಂಡು ತಗುಲಿ, ಹೊಟ್ಟೆಯ ಗಾಯ ಪೂರ್ತಿ ಮುಚ್ಚದೆ ಜಠರಕ್ಕೆ ನೇರವಾಗಿ ಒಂದು ರಂಧ್ರ ಉಳಿದುಕೊಂಡಿತು. ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್ ಆ ರಂಧ್ರದ ಮೂಲಕ ವರ್ಷಗಟ್ಟಲೆ ಜಠರವನ್ನು ಕಣ್ಣಾರೆ ನೋಡಿ, ಕಂಡದ್ದನ್ನು 1833ರಲ್ಲಿ ಪ್ರಕಟಿಸಿದರು. ಸೇಂಟ್ ಮಾರ್ಟಿನ್ ಎಂಟು ಹತ್ತು ದಿನ ಬಿಡದೆ ಕುಡಿದಿದ್ದ ಸಮಯದಲ್ಲಿ ಒಳಗೋಡೆ ಕೆಂಪೇರಿ ಅಲ್ಲಲ್ಲಿ ಹುಣ್ಣಾಗಿತ್ತು. ಆದರೆ ಅವನು ನೋವಿದೆ ಎಂದು ಹೇಳಲೇ ಇಲ್ಲ. ಇದರ ತಿರುವುಮುರುವು ಕೂಡ ಅಷ್ಟೇ ಸಾಮಾನ್ಯ: ಎಂಡೋಸ್ಕೋಪಿಯಲ್ಲಿ ಏನೂ ಕಾಣದವರಿಗೆ ತೀವ್ರವಾದ ನೋವಿರುತ್ತದೆ. ಆದ್ದರಿಂದ "ನೋವು ಕಡಿಮೆಯಾಯಿತು, ವಾಸಿಯಾಗಿದೆ" ಎಂಬ ತೀರ್ಮಾನವನ್ನು ಪಕ್ಕಕ್ಕಿಟ್ಟು ಮುಂದೆ ಓದಿ.

ಬೇಕಾದದ್ದು ಏನು

ಒಂದು ಸಣ್ಣ ಪುಸ್ತಕ, ಪೆನ್ನು, ಮನೆಯಲ್ಲಿ ನೀವು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ನಾಲ್ಕೈದು ವಾರಗಳ ಕಾಲಾವಕಾಶ, ಮತ್ತು ಎಷ್ಟು ಕುಡಿಯುತ್ತೀರಿ ಎಂಬುದನ್ನು ನೀವು ಕಡಿಮೆ ಮಾಡದೆ ಹೇಳಿಕೊಳ್ಳಬಹುದಾದ ಒಬ್ಬ ವೈದ್ಯರು. ಕೊನೆಯದನ್ನು ಸಂಪಾದಿಸುವುದೇ ಕಷ್ಟ ಎಂದು ನನಗೆ ಗೊತ್ತು. ಆದರೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ ಹೇಳಿದರೆ ನಾಲ್ಕನೆಯ ಹಂತ ಅಪಾಯಕಾರಿಯಾಗುತ್ತದೆ.

1. ಮೊದಲು ತುರ್ತು ಲಕ್ಷಣಗಳಿವೆಯೇ ನೋಡಿ

ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂತಹ ಕಂದು ಕಣಗಳು ಬಂದರೆ, ಮಲವು ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ವಿಪರೀತ ನಾತದಿಂದ ಕೂಡಿದ್ದರೆ, ಅದು ಒಳಗಿನ ರಕ್ತಸ್ರಾವದ ಗುರುತು. ಹೊಟ್ಟೆ ಹಲಗೆಯಂತೆ ಬಿಗಿಯಾಗಿ ಮುಟ್ಟಲಾರದಷ್ಟು ನೋಯುತ್ತಿದ್ದರೆ, ಕಣ್ಣು ಹಳದಿಯಾಗಿದ್ದರೆ, ಒಂದೇ ಸಮನೆ ವಾಂತಿಯಾಗಿ ನೀರೂ ನಿಲ್ಲದಿದ್ದರೆ, ಈ ಲೇಖನವನ್ನು ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೋಗಿ. ಹೊಟ್ಟೆಯ ಮೇಲ್ಭಾಗದ ನೋವಿನ ಜೊತೆ ಬೆವರು, ಉಸಿರುಕಟ್ಟು, ತೋಳಿಗೆ ಅಥವಾ ದವಡೆಗೆ ಹರಿಯುವ ನೋವು ಇದ್ದರೆ ಅದು ಹೃದಯಾಘಾತವಾಗಿರಬಹುದು. ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮನೆಯಲ್ಲೇ ಉಳಿದವರು ಎಷ್ಟೋ ಮಂದಿ.

ಒಂದು ಗೊಂದಲವನ್ನು ಇಲ್ಲೇ ತಿಳಿಗೊಳಿಸುತ್ತೇನೆ. ಕಬ್ಬಿಣದ ಮಾತ್ರೆ ಮತ್ತು ಬಿಸ್ಮತ್ ಇರುವ ಔಷಧಗಳು ಮಲವನ್ನು ಕಪ್ಪಾಗಿಸುತ್ತವೆ, ಆದರೆ ಅದು ಅಂಟಂಟಾಗಿರುವುದಿಲ್ಲ, ಡಾಂಬರಿನ ಹೊಳಪೂ ಇರುವುದಿಲ್ಲ. ಅನುಮಾನವಿದ್ದರೆ ಮಲ ಪರೀಕ್ಷೆ ಮಾಡಿಸಿ, ಊಹೆ ಬೇಡ.

2. ನೋವಿನ ಜಾಗ ಮತ್ತು ಹೊತ್ತನ್ನು ಒಂದು ವಾರ ಬರೆದಿಡಿ

ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಹಂತವೇ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಪ್ರತಿ ಸಲ ನೋವು ಬಂದಾಗ ಐದು ವಿಷಯ ಬರೆಯಿರಿ: ಎಷ್ಟು ಗಂಟೆಗೆ ಬಂತು, ಬೆರಳಿಟ್ಟು ತೋರಿಸುವುದಾದರೆ ಎಲ್ಲಿ, ಊಟವಾಗಿ ಎಷ್ಟು ಹೊತ್ತಾಗಿತ್ತು, ಕೊನೆಯ ಗುಟುಕು ಕುಡಿದು ಎಷ್ಟು ಹೊತ್ತಾಗಿತ್ತು, ಯಾವುದರಿಂದ ಕಡಿಮೆಯಾಯಿತು. "ರಾತ್ರಿ ಹೊಟ್ಟೆನೋವು" ಎಂದು ಬರೆದರೆ ಪ್ರಯೋಜನವಿಲ್ಲ. "ರಾತ್ರಿ 1.30, ಹೊಕ್ಕುಳಿಗೂ ಎದೆಗೂಡಿಗೂ ನಡುವೆ, ಊಟವಾಗಿ ನಾಲ್ಕು ಗಂಟೆ, ಬಿಸ್ಕತ್ತು ತಿಂದ ಮೇಲೆ ಹೋಯಿತು" ಎಂದು ಬರೆದರೆ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆ.

ಬರೆದದ್ದನ್ನು ಓದುವ ಬಗೆ ಹೀಗೆ. ಬೆಳಿಗ್ಗೆ ಎದ್ದೊಡನೆ ಹೊಟ್ಟೆ ತೊಳಸಿ, ಹಲ್ಲುಜ್ಜುವಾಗ ಓಕರಿಕೆ ಬಂದು, ಹೊಟ್ಟೆಯ ಮೇಲ್ಭಾಗದ ನಡುವೆ ಕಿವುಚಿದಂತೆ ಅಥವಾ ಉರಿದಂತೆ ಆಗುವುದು ಜಠರದ ಗೋಡೆಯ ಕೆರಳಿಕೆಯನ್ನು ಸೂಚಿಸುತ್ತದೆ. ಎದೆಮೂಳೆಯ ಹಿಂದೆ ಉರಿ, ಬಾಯಿಗೆ ಹುಳಿನೀರು, ಮಲಗಿದಾಗ ಅಥವಾ ಬಗ್ಗಿದಾಗ ಹೆಚ್ಚಾಗುವುದು, ಇದು ಆಮ್ಲ ಹಿಮ್ಮುಖವಾಗಿ ಹರಿಯುವುದರ ಗುರುತು. ಊಟವಾದ ಎರಡು ಮೂರು ಗಂಟೆಯ ಮೇಲೆ ಬಂದು, ನಡುರಾತ್ರಿ ನಿದ್ದೆಯಿಂದ ಎಬ್ಬಿಸಿ, ಏನಾದರೂ ತಿಂದರೆ ಶಮನವಾಗುವ ನೋವು ಸಣ್ಣ ಕರುಳಿನ ಮೊದಲ ಭಾಗದ ಹುಣ್ಣಿನದಾಗಿರಬಹುದು.

ಇವುಗಳಿಗಿಂತ ಬೇರೆಯಾದ, ಹೆಚ್ಚು ಗಂಭೀರವಾದ ಇನ್ನೊಂದು ಬಗೆಯಿದೆ. ನೋವು ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಚುಚ್ಚಿದಂತೆ ಹರಿಯುತ್ತದೆ, ಅಂಗಾತ ಮಲಗಿದರೆ ಹೆಚ್ಚಾಗುತ್ತದೆ, ಮುಂದಕ್ಕೆ ಬಗ್ಗಿ ಕುಳಿತರೆ ಸ್ವಲ್ಪ ಕಡಿಮೆಯಾಗುತ್ತದೆ, ಊಟ ಮಾಡಿದರೆ ಕೆರಳುತ್ತದೆ. ಇದು ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯ ನೋವಾಗಿರಬಹುದು. ಇದು ಕುಡಿಯುತ್ತಿರುವಾಗಲೇ ಬರಬೇಕೆಂದಿಲ್ಲ. ವಿಪರೀತ ಕುಡಿದ ಮರುದಿನ ಅಥವಾ ಅದರ ಮರುದಿನ ಶುರುವಾಗುವುದು ಸಾಮಾನ್ಯ, ಅದಕ್ಕೇ ಜನ ಅದನ್ನು ಆ ದಿನದ ಊಟದ ತಲೆಗೆ ಕಟ್ಟುತ್ತಾರೆ. ಇಂತಹ ಸಾಲು ನಿಮ್ಮ ಪುಸ್ತಕದಲ್ಲಿ ಒಂದೇ ಇದ್ದರೂ ವೈದ್ಯರಿಗೆ ಅದನ್ನೇ ಮೊದಲು ತೋರಿಸಿ. ತೀವ್ರವಾಗಿದ್ದರೆ ವಾರ ಮುಗಿಯುವವರೆಗೆ ಕಾಯುವುದೂ ಬೇಡ.

ಒಂದು ವಾರದ ಬರಹದಲ್ಲಿ ಎರಡು ಮೂರು ಬಗೆಯ ನೋವುಗಳು ಬೆರೆತಿರುವುದು ಕಂಡರೆ ಗಾಬರಿಯಾಗಬೇಡಿ. ಕುಡಿಯುವವರಲ್ಲಿ ಅದೇ ಹೆಚ್ಚು. ಎಲ್ಲವನ್ನೂ ಗ್ಯಾಸ್ಟ್ರಿಕ್ ಎಂಬ ಒಂದೇ ಪದದಲ್ಲಿ ಕಟ್ಟಿಹಾಕಿದ್ದರಿಂದಲೇ ಇಷ್ಟು ದಿನ ಮಾತ್ರೆ ಅರ್ಧಂಬರ್ಧ ಕೆಲಸ ಮಾಡಿರಬಹುದು.

3. ನೋವು ನಿವಾರಕ ಮಾತ್ರೆಗಳನ್ನು ಪತ್ತೆ ಮಾಡಿ

ತಲೆನೋವಿಗೆ, ಬೆನ್ನುನೋವಿಗೆ, ಮಂಡಿನೋವಿಗೆ ನುಂಗುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಇವೆಲ್ಲ ಪ್ರೋಸ್ಟಗ್ಲ್ಯಾಂಡಿನ್ ತಯಾರಾಗದಂತೆ ತಡೆದೇ ನೋವು ಕಡಿಮೆ ಮಾಡುತ್ತವೆ. ಅದೇ ಪ್ರೋಸ್ಟಗ್ಲ್ಯಾಂಡಿನ್ ಜಠರದ ಕಾವಲುಗಾರ. ಮಾತ್ರೆ ಕಾವಲನ್ನು ತೆಗೆಯುತ್ತದೆ, ಮದ್ಯ ಒಳನುಗ್ಗುತ್ತದೆ. ಎರಡೂ ಸೇರಿದಾಗ ಹುಣ್ಣು ಮತ್ತು ರಕ್ತಸ್ರಾವದ ಅಪಾಯ ಒಂದೊಂದೇ ಇದ್ದಾಗಿನದಕ್ಕಿಂತ ಹೆಚ್ಚು. ಕುಡಿದ ರಾತ್ರಿಯ ಮರುದಿನ ಬೆಳಿಗ್ಗೆ ತಲೆ ಸಿಡಿಯುತ್ತದೆಂದು ಖಾಲಿ ಹೊಟ್ಟೆಗೆ ಇವುಗಳಲ್ಲೊಂದನ್ನು ನುಂಗುವುದು ನಾನು ಕಂಡಿರುವ ಅತಿ ಕೆಟ್ಟ ರೂಢಿಗಳಲ್ಲಿ ಒಂದು.

ಮಾತ್ರೆಯನ್ನು ಊಟದ ಜೊತೆ ನುಂಗಿದರೆ ಅಪಾಯವಿಲ್ಲ ಎಂಬ ನಂಬಿಕೆ ಅಷ್ಟು ಸರಿಯಲ್ಲ. ಅದು ರಕ್ತಕ್ಕೆ ಸೇರಿದ ಮೇಲೂ ಜಠರದ ಪ್ರೋಸ್ಟಗ್ಲ್ಯಾಂಡಿನ್ ಅನ್ನು ತಡೆಯುತ್ತದೆ, ಚುಚ್ಚುಮದ್ದಾಗಿ ಕೊಟ್ಟರೂ ಅಷ್ಟೇ. ಇದರ ಬದಲಿಗೆ ಪ್ಯಾರಸಿಟಮಾಲ್ ಜಠರಕ್ಕೆ ಸೌಮ್ಯ, ಆದರೆ ನಿತ್ಯ ಹೆಚ್ಚು ಕುಡಿಯುವವರ ಯಕೃತ್ತಿಗೆ ಅದು ಸುಲಭವಾಗಿ ಭಾರವಾಗುತ್ತದೆ. ಎಷ್ಟು ನುಂಗಬಹುದು ಎಂದು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಇನ್ನೊಂದು ಎಚ್ಚರಿಕೆ: ಹೃದಯಕ್ಕಾಗಿ ವೈದ್ಯರು ಬರೆದುಕೊಟ್ಟಿರುವ ಆಸ್ಪಿರಿನ್ ಅನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

4. ಮೂರು ವಾರ ಪೂರ್ತಿ ಕುಡಿಯದೆ ನೋಡಿ, ಆದರೆ ಹೇಗೆ ನಿಲ್ಲಿಸುತ್ತೀರಿ ಎಂಬುದು ಮುಖ್ಯ

ಜಠರದ ಗೋಡೆಯ ದುರಸ್ತಿ ಬಹಳ ಚುರುಕು. ಮೇಲ್ಮೈಯ ಗಾಯವನ್ನು ಅಕ್ಕಪಕ್ಕದ ಕೋಶಗಳು ಕೆಲವು ಗಂಟೆಗಳಲ್ಲೇ ಜಾರಿಬಂದು ಮುಚ್ಚುತ್ತವೆ, ಮೇಲ್ಪದರದ ಕೋಶಗಳು ಒಂದು ವಾರದೊಳಗೆ ಹೊಸದಾಗುತ್ತವೆ. ಇಂದು ಸಂಜೆ ಕುಡಿದು ಆದ ಗಾಯ ನಾಳೆ ಸಂಜೆಯ ಹೊತ್ತಿಗೆ ಅರ್ಧ ಮಾಯ್ದಿರುವಾಗಲೇ ಮತ್ತೆ ಕುಡಿದರೆ ದುರಸ್ತಿ ಎಂದೂ ಮುಗಿಯುವುದಿಲ್ಲ. ತಿಂಗಳುಗಟ್ಟಲೆ ಉಳಿಯುವ ನೋವಿನ ಸರಳವಾದ ವಿವರಣೆ ಇದೇ. ಮೂರು ವಾರದ ವಿರಾಮ ಕೊಟ್ಟರೆ ಮದ್ಯದಿಂದ ಮಾತ್ರ ಆದದ್ದು ಹೋಗಿ, ಬೇರೆ ಕಾರಣದ್ದು ಉಳಿಯುತ್ತದೆ. ಪ್ರಮಾಣ ಕಡಿಮೆ ಮಾಡಿ ನೋಡಿದರೆ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಆದರೆ ದಿನವೂ ಹೆಚ್ಚು ಕುಡಿಯುವವರು, ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಭ್ರಮೆ ಕಂಡವರು ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದ ಆರು ಗಂಟೆಯಿಂದ ನಡುಕ, ಬೆವರು, ಕಳವಳ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಜೀವಕ್ಕೇ ಅಪಾಯವಾಗುವ ಭ್ರಾಂತಿಯ ಸ್ಥಿತಿ ಉಂಟಾಗಬಹುದು. ಇದಕ್ಕೆ ವೈದ್ಯರ ಬಳಿ ಸರಿಯಾದ ಔಷಧಗಳಿವೆ, ಜೊತೆಗೆ ಥಯಾಮಿನ್ ಎಂಬ ವಿಟಮಿನ್ ಕೂಡ ಕೊಡುತ್ತಾರೆ. ಹೊಟ್ಟೆನೋವು ಪತ್ತೆ ಮಾಡಲು ಹೋಗಿ ಫಿಟ್ಸ್ ತಂದುಕೊಳ್ಳುವುದು ಬೇಡ.

ವಿರಾಮದ ದಿನಗಳಲ್ಲೂ ಪುಸ್ತಕ ಬರೆಯುವುದನ್ನು ಮುಂದುವರಿಸಿ. ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ ಬಿಡಿ, ಎಡ ಮಗ್ಗುಲಲ್ಲಿ ಮಲಗಿ. ಎದೆಯುರಿ ಇರುವವರು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರದ ಮರದ ತುಂಡುಗಳನ್ನಿಟ್ಟು ಎತ್ತರಿಸಿ. ದಿಂಬಿನ ಮೇಲೆ ದಿಂಬು ಹೇರಿದರೆ ಹೊಟ್ಟೆ ಮಡಿಚಿ ಒತ್ತಡ ಹೆಚ್ಚುತ್ತದೆಯೇ ಹೊರತು ಉಪಯೋಗವಿಲ್ಲ.

5. ಪೈಲೊರಿ ಪರೀಕ್ಷೆಯನ್ನು ಆಮ್ಲ ತಗ್ಗಿಸುವ ಮಾತ್ರೆಗಿಂತ ಮೊದಲು ಮಾಡಿಸಿ

ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಜಠರದ ಲೋಳೆಯೊಳಗೇ ಬದುಕುತ್ತದೆ. ದೀರ್ಘಕಾಲದ ಗ್ಯಾಸ್ಟ್ರೈಟಿಸ್ ಮತ್ತು ಹುಣ್ಣುಗಳಿಗೆ ಇದು ಮುಖ್ಯ ಕಾರಣವೆಂದು ತೋರಿಸಿದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕುಡಿಯುವವರಿಗೆ ಈ ಸೋಂಕು ಇದ್ದರೆ ಕುಡಿತ ಬಿಟ್ಟ ಮಾತ್ರಕ್ಕೆ ಉರಿಯೂತ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಹೋದ ಮೇಲಷ್ಟೇ ಹೋಗುತ್ತದೆ. "ಬಿಟ್ಟು ತಿಂಗಳಾದರೂ ನೋವು" ಎನ್ನುವವರು ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಉಸಿರಿನ ಪರೀಕ್ಷೆ ಅಥವಾ ಮಲದ ಪರೀಕ್ಷೆಯಿಂದ ಇದನ್ನು ಕಂಡುಹಿಡಿಯಬಹುದು. ಆದರೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆಗಳು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅಡಗಿಸಿಬಿಡುತ್ತವೆ, ಸೋಂಕಿದ್ದರೂ ಇಲ್ಲವೆಂದು ವರದಿ ಬರುತ್ತದೆ. ಪರೀಕ್ಷೆಗೆ ಎರಡು ವಾರ ಮೊದಲು ಈ ಮಾತ್ರೆಗಳನ್ನೂ, ನಾಲ್ಕು ವಾರ ಮೊದಲು ಆಂಟಿಬಯಾಟಿಕ್ ಮತ್ತು ಬಿಸ್ಮತ್ ಔಷಧಗಳನ್ನೂ ನಿಲ್ಲಿಸಿರಬೇಕು. ಹಿಂದೆ ಹುಣ್ಣಿನಿಂದ ರಕ್ತಸ್ರಾವವಾಗಿದ್ದವರು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ ಹಳೆಯ ಸೋಂಕನ್ನೂ ಈಗಿನದನ್ನೂ ಬೇರ್ಪಡಿಸುವುದಿಲ್ಲ, ಅದಕ್ಕೆ ಹಣ ಕೊಡಬೇಡಿ.

6. ಮಾತ್ರೆಯನ್ನು ಸರಿಯಾದ ಹೊತ್ತಿಗೆ ನುಂಗಿ

ಒಮೆಪ್ರಜೋಲ್ ಬಗೆಯ ಮಾತ್ರೆಗಳು ಆಮ್ಲ ಸುರಿಸುವ ಪಂಪುಗಳನ್ನು ಅವು ಚಾಲೂ ಆಗುವ ಹೊತ್ತಿಗೆ ಹಿಡಿದು ನಿಲ್ಲಿಸುತ್ತವೆ. ಪಂಪುಗಳು ಚಾಲೂ ಆಗುವುದು ಊಟದಿಂದ. ಆದ್ದರಿಂದ ಮಾತ್ರೆ ಬೆಳಗಿನ ಆಹಾರಕ್ಕೆ ಅರ್ಧದಿಂದ ಒಂದು ಗಂಟೆ ಮೊದಲೇ ಹೊಟ್ಟೆಯಲ್ಲಿರಬೇಕು. ಊಟವಾದ ಮೇಲೆ, ಅಥವಾ ಉರಿ ಬಂದಾಗ ಮಾತ್ರ ನುಂಗಿದರೆ ಅರ್ಧ ಪ್ರಯೋಜನವೂ ಸಿಗುವುದಿಲ್ಲ. ಪೂರ್ಣ ಪರಿಣಾಮ ಕಾಣಲು ಕೆಲವು ದಿನಗಳೇ ಬೇಕು. ಆ ಕ್ಷಣದ ಉರಿಗೆ ದ್ರವರೂಪದ ಆಂಟಾಸಿಡ್ ಸಾಕು.

ಕುಡಿಯುವ ಮೊದಲು ಮುನ್ನೆಚ್ಚರಿಕೆಯೆಂದು ಈ ಮಾತ್ರೆ ನುಂಗುವವರಿದ್ದಾರೆ. ಮಾತ್ರೆ ತಡೆಯುವುದು ಆಮ್ಲವನ್ನು, ಮದ್ಯವನ್ನಲ್ಲ. ಆಮ್ಲವಿಲ್ಲದಿದ್ದರೂ ಸಾಂದ್ರ ಮದ್ಯ ಕೋಶಗಳನ್ನು ಕೆಡಿಸಬಲ್ಲದು. ಉರಿ ಕಡಿಮೆಯಾದ್ದರಿಂದ ಇನ್ನೂ ಸ್ವಲ್ಪ ಕುಡಿಯುವ ಧೈರ್ಯ ಬರುತ್ತದೆ, ಅಷ್ಟೇ.

7. ಉಳಿದ ನೋವಿಗೆ ಒಳಗಿನಿಂದ ನೋಡಿಸಿ

ಮೂರು ವಾರ ಮದ್ಯವಿಲ್ಲದೆ, ನೋವು ನಿವಾರಕವಿಲ್ಲದೆ ಇದ್ದೂ ನೋವು ಉಳಿದರೆ ಎಂಡೋಸ್ಕೋಪಿ ಬೇಕೇ ಎಂದು ವೈದ್ಯರನ್ನು ಕೇಳಿ. ತೂಕ ಇಳಿಯುತ್ತಿದ್ದರೆ, ನುಂಗುವಾಗ ಆಹಾರ ಸಿಕ್ಕಿಕೊಂಡಂತಾದರೆ, ರಕ್ತಹೀನತೆ ಇದ್ದರೆ ಅಥವಾ ವಯಸ್ಸು 60 ದಾಟಿದ್ದರೆ ಮೂರು ವಾರ ಕಾಯದೆ ಮೊದಲೇ ಮಾಡಿಸಬೇಕು. ಎಂಡೋಸ್ಕೋಪಿಯಲ್ಲಿ ಮೇದೋಜೀರಕ ಗ್ರಂಥಿ ಕಾಣುವುದಿಲ್ಲ ಎಂಬುದನ್ನು ಮರೆಯಬೇಡಿ. ಬೆನ್ನಿಗೆ ಹರಿಯುವ ನೋವಿದ್ದು ಎಂಡೋಸ್ಕೋಪಿ ಸರಿಯಿದೆ ಎಂದು ವರದಿ ಬಂದರೆ ಹುಡುಕಾಟ ಮುಗಿದಿಲ್ಲವೆಂದೇ ಅರ್ಥ. ನೋವಿರುವಾಗ ಲೈಪೇಸ್ ಎಂಬ ರಕ್ತ ಪರೀಕ್ಷೆ, ಆಮೇಲೆ ಸ್ಕ್ಯಾನ್ ಬೇಕಾಗುತ್ತದೆ. ನೀರಿನ ಮೇಲೆ ತೇಲುವ, ಎಣ್ಣೆಯಂತೆ ಜಿಡ್ಡಾದ ಮಲ ಈ ಗ್ರಂಥಿ ಬಹಳ ದಿನಗಳಿಂದ ಕೆಟ್ಟಿರುವುದನ್ನು ಸೂಚಿಸುತ್ತದೆ.

ಒಂದು ಉದಾಹರಣೆಯನ್ನು ಕೊನೆಯವರೆಗೆ ನಡೆಸಿ ನೋಡೋಣ

ಹಲವರ ಅನುಭವಗಳನ್ನು ಸೇರಿಸಿ ಕಟ್ಟಿದ ಉದಾಹರಣೆ ಇದು. ವಯಸ್ಸು 44, ದಿನಕ್ಕೆ 180 ಮಿಲಿಲೀಟರ್ ವಿಸ್ಕಿ, ಬೆನ್ನುನೋವಿಗೆ ತಾವೇ ಕೊಂಡು ನುಂಗುವ ಡೈಕ್ಲೊಫೆನಾಕ್, ಬೆಳಿಗ್ಗೆ ತಿಂಡಿಯಾದ ಮೇಲೆ ಒಮೆಪ್ರಜೋಲ್, ಎಂಟು ತಿಂಗಳ ಹೊಟ್ಟೆನೋವು. ಒಂದು ವಾರದ ಪುಸ್ತಕದಲ್ಲಿ ಮೂರು ಬಗೆಯ ನೋವು ಕಂಡವು: ಬೆಳಗಿನ ಓಕರಿಕೆ ಮತ್ತು ಮೇಲ್ಹೊಟ್ಟೆಯ ಕಿವುಚಾಟ, ರಾತ್ರಿ ಮಲಗಿದೊಡನೆ ಎದೆಯುರಿ, ಮತ್ತು ವಾರದಲ್ಲಿ ನಾಲ್ಕು ದಿನ ರಾತ್ರಿ ಒಂದು ಗಂಟೆಯ ಸುಮಾರಿಗೆ ಎಬ್ಬಿಸಿ ಬಿಸ್ಕತ್ತು ತಿಂದರೆ ಹೋಗುವ ನೋವು. ಬೆನ್ನಿಗೆ ಹರಿಯುವ ನೋವು ಒಂದೂ ಇರಲಿಲ್ಲ.

ನಿತ್ಯ ಕುಡಿಯುವವರಾದ್ದರಿಂದ ವೈದ್ಯರು ಔಷಧ ಕೊಟ್ಟು, ಮೊದಲ ಐದು ದಿನ ಹತ್ತಿರದಿಂದ ನೋಡಿಕೊಂಡು ನಿಲ್ಲಿಸಿದರು. ಡೈಕ್ಲೊಫೆನಾಕ್ ಅಂದೇ ನಿಂತಿತು. ಪೈಲೊರಿ ಪರೀಕ್ಷೆಗಾಗಿ ಒಮೆಪ್ರಜೋಲ್ ಕೂಡ ನಿಂತು, ಎರಡು ವಾರ ಆಂಟಾಸಿಡ್ ಮಾತ್ರ ಉಳಿಯಿತು. ಹತ್ತನೆಯ ದಿನಕ್ಕೆ ಬೆಳಗಿನ ಓಕರಿಕೆ ಪೂರ್ತಿ ಹೋಗಿತ್ತು. ಎದೆಯುರಿ ಮೊದಲ ವಾರ ಹೆಚ್ಚಾಗಿ, ಆಮೇಲೆ ಇಳಿಯತೊಡಗಿತು. ಮೊದಲ ವಾರದ ಹೆಚ್ಚಳಕ್ಕೆ ಕಾರಣ ಒಮೆಪ್ರಜೋಲ್ ನಿಂತದ್ದು: ತಿಂಗಳುಗಟ್ಟಲೆ ತಡೆದಿಟ್ಟ ಆಮ್ಲ ಮಾತ್ರೆ ಬಿಟ್ಟಾಗ ಕೆಲಕಾಲ ಮೊದಲಿಗಿಂತ ಹೆಚ್ಚಾಗಿ ಸುರಿಯುತ್ತದೆ. ಇದನ್ನು ಕಾಯಿಲೆ ಮರಳಿತೆಂದು ತಿಳಿದು ಮಾತ್ರೆ ಮತ್ತೆ ಶುರು ಮಾಡಿದ್ದರೆ ಪರೀಕ್ಷೆಯೇ ಕೆಡುತ್ತಿತ್ತು.

ರಾತ್ರಿ ಒಂದು ಗಂಟೆಯ ನೋವು ಮಾತ್ರ ಕದಲಲಿಲ್ಲ. ಉಸಿರಿನ ಪರೀಕ್ಷೆಯಲ್ಲಿ ಪೈಲೊರಿ ಇರುವುದು ಗೊತ್ತಾಯಿತು, ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಆರಂಭದಲ್ಲಿ ಚಿಕ್ಕ ಹುಣ್ಣು ಕಂಡಿತು. ಎಂಟು ತಿಂಗಳು ದೂರು ಹೊತ್ತಿದ್ದ ಜಠರದ ಗೋಡೆಯಲ್ಲಿ ಮದ್ಯ ಮಾಡುವ ಕೆಂಪು ಚುಕ್ಕೆ ಒಂದೂ ಉಳಿದಿರಲಿಲ್ಲ. ಹುಣ್ಣು ಪೈಲೊರಿ ಮತ್ತು ಡೈಕ್ಲೊಫೆನಾಕ್ ಸೇರಿ ಮಾಡಿದ್ದು. 14 ದಿನದ ಆಂಟಿಬಯಾಟಿಕ್ ಚಿಕಿತ್ಸೆಯ ಜೊತೆ ಒಮೆಪ್ರಜೋಲ್ ಮತ್ತೆ ಆರಂಭವಾಯಿತು, ಈ ಸಲ ತಿಂಡಿಗೆ ಮುಂಚೆ.

ಆರನೆಯ ದಿನಕ್ಕೇ ರಾತ್ರಿಯ ನೋವು ನಿಂತಿದ್ದರಿಂದ ಅವರು ಚಿಕಿತ್ಸೆಯನ್ನು ಅಲ್ಲಿಗೇ ಬಿಡುವ ಮನಸ್ಸು ಮಾಡಿದ್ದರು. ಪುಸ್ತಕದ ಮೊದಲ ಪುಟದಲ್ಲಿ ವೈದ್ಯರೇ ಬರೆದಿದ್ದ ಎರಡು ದಿನಾಂಕಗಳು ಅವರನ್ನು ತಡೆದವು: ಆಂಟಿಬಯಾಟಿಕ್ ಮುಗಿಯಬೇಕಾದ ದಿನ, ಮತ್ತು ಅದಾಗಿ ನಾಲ್ಕು ವಾರ ಕಳೆದು, ಒಮೆಪ್ರಜೋಲ್ ಬಿಟ್ಟು ಎರಡು ವಾರವಾದ ಮೇಲೆ ಉಸಿರಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕಾದ ದಿನ.